ಒಂದೇ ಫ್ಯಾನಿಗೆ ಮೂರು ಬೆಲೆ: ಕಾಸ್ಟ್-ಪ್ಲಸ್, ಮೌಲ್ಯಾಧಾರಿತ, ಸ್ಪರ್ಧಿ ಆಧಾರಿತ

ಮೂರು ವಿಧಾನಗಳನ್ನು ಮೂರು ಬೇರೆ ಬೇರೆ ಲೆಕ್ಕಗಳಲ್ಲಿ ಕಲಿತರೆ ವ್ಯತ್ಯಾಸ ತಿಳಿಯುವುದಿಲ್ಲ. ಹಾಗಾಗಿ ಇಲ್ಲಿ ಸರಕು ಒಂದೇ: 30 ವ್ಯಾಟಿನ ಬಿಎಲ್‌ಡಿಸಿ ಸೀಲಿಂಗ್ ಫ್ಯಾನ್. ಅಂಕಿಗಳು ಪರೀಕ್ಷೆಯ ಪ್ರಶ್ನೆಯಲ್ಲಿರುವಂತೆ ಊಹಿಸಿಕೊಂಡವು. ತೆರಿಗೆ ಮತ್ತು ಡೀಲರ್ ಕಮಿಷನ್ ಬಿಟ್ಟಿದ್ದೇವೆ. ಒಂದು ಫ್ಯಾನಿನ ಬದಲಾಗುವ ವೆಚ್ಚ ₹1,400. ವರ್ಷದ ಸ್ಥಿರ ವೆಚ್ಚ ₹60 ಲಕ್ಷ. ನಿರೀಕ್ಷಿತ ಮಾರಾಟ 10,000.

ಕಾಸ್ಟ್-ಪ್ಲಸ್. ಸ್ಥಿರ ವೆಚ್ಚವನ್ನು ಹಂಚಿದರೆ ಫ್ಯಾನೊಂದಕ್ಕೆ ₹600, ಒಟ್ಟು ವೆಚ್ಚ ₹2,000. ವೆಚ್ಚದ ಮೇಲೆ ಶೇ 25 ಲಾಭ ಸೇರಿಸಿದರೆ ಬೆಲೆ ₹2,500. ಪ್ರಶ್ನೆಯಲ್ಲಿ 'ಮಾರಾಟ ಬೆಲೆಯ ಮೇಲೆ ಶೇ 25' ಎಂದಿದ್ದರೆ 2,000 ÷ 0.75 ಮಾಡಬೇಕು; ಉತ್ತರ ₹2,667. ಮಾರ್ಕಪ್ ಯಾವುದು, ಮಾರ್ಜಿನ್ ಯಾವುದು ಎಂದು ನೋಡದೆ ಗುಣಿಸಿ ಅಂಕ ಕಳೆದುಕೊಳ್ಳುವವರು ಕಡಿಮೆಯೇನಿಲ್ಲ.

ಆದರೆ ಈ ವಿಧಾನದ ನಿಜವಾದ ದೋಷ ಅಲ್ಲಿಲ್ಲ, ಆ 10,000 ಎಂಬ ಅಂಕಿಯಲ್ಲಿದೆ. ಮಾರಾಟ 6,000ಕ್ಕೆ ಇಳಿಯಿತೆನ್ನಿ. ಸ್ಥಿರ ವೆಚ್ಚದ ಪಾಲು ₹1,000 ಆಗುತ್ತದೆ, ಒಟ್ಟು ವೆಚ್ಚ ₹2,400, ಶೇ 25 ಸೇರಿಸಿದರೆ ಬೆಲೆ ₹3,000. ಗಿರಾಕಿ ಕಡಿಮೆಯಾದಾಗ ಸೂತ್ರ ಬೆಲೆ ಏರಿಸು ಎನ್ನುತ್ತದೆ. ಏರಿಸಿದರೆ ಗಿರಾಕಿ ಇನ್ನೂ ಕಡಿಮೆಯಾಗುತ್ತಾರೆ. ಬೆಲೆ ತಿಳಿಯಲು ಮಾರಾಟ ಗೊತ್ತಿರಬೇಕು, ಮಾರಾಟವೋ ಬೆಲೆಯನ್ನೇ ಅವಲಂಬಿಸಿದೆ. ಸರಕಾರಿ ಗುತ್ತಿಗೆಯಂತೆ ಪ್ರಮಾಣ ಮೊದಲೇ ನಿಗದಿಯಾದ ಕಡೆ ಮಾತ್ರ ಇದು ನೆಮ್ಮದಿಯ ವಿಧಾನ.

ಮೌಲ್ಯಾಧಾರಿತ. ಇಲ್ಲಿ ಲೆಕ್ಕ ಶುರುವಾಗುವುದು ಗಿರಾಕಿಯ ಮನೆಯಿಂದ. ಅವರ ಮುಂದಿರುವ ಇನ್ನೊಂದು ಆಯ್ಕೆ ₹1,600ರ, 75 ವ್ಯಾಟಿನ ಸಾಮಾನ್ಯ ಫ್ಯಾನ್. ಉಳಿತಾಯ 45 ವ್ಯಾಟ್. ದಿನಕ್ಕೆ 12 ಗಂಟೆಯಂತೆ ವರ್ಷಕ್ಕೆ 300 ದಿನ ತಿರುಗಿದರೆ 3,600 ಗಂಟೆ, ಅಂದರೆ 162 ಯೂನಿಟ್. ಯೂನಿಟ್‌ಗೆ ₹7ರಂತೆ ವರ್ಷಕ್ಕೆ ₹1,134, ಮೂರು ವರ್ಷಕ್ಕೆ ₹3,402. ಬಡ್ಡಿ ದರ ಕೊಟ್ಟಿದ್ದರೆ ಈ ಮೊತ್ತವನ್ನು ಇಂದಿನ ಮೌಲ್ಯಕ್ಕೆ ಇಳಿಸಬೇಕು. ಸರ್ಕ್ಯೂಟ್ ಬೋರ್ಡ್ ಕೆಟ್ಟರೆ ಬೀಳುವ ಹೆಚ್ಚುವರಿ ರಿಪೇರಿ ಖರ್ಚು ₹400 ಎಂದು ಕಳೆಯಿರಿ. ಇದನ್ನು ಮರೆಯುವವರೇ ಹೆಚ್ಚು. ಉಳಿದದ್ದು ₹3,002. ಹಾಗಾದರೆ ಗಿರಾಕಿಗೆ ಈ ಫ್ಯಾನಿನ ಮೌಲ್ಯ 1,600 + 3,002 = ₹4,602.

ಇದು ಬೆಲೆಯಲ್ಲ, ಬೆಲೆಯ ಮೇಲ್ಮಿತಿ. ₹4,602 ಕೇಳಿದರೆ ಕೊಳ್ಳುವವರಿಗೆ ಏನೂ ಉಳಿಯುವುದಿಲ್ಲ, ಹಳೆಯದನ್ನು ಬಿಟ್ಟು ಬರಲು ಕಾರಣವೂ ಇರುವುದಿಲ್ಲ. ಹೆಚ್ಚುವರಿ ಲಾಭದಲ್ಲಿ ಅರ್ಧ ಬಿಟ್ಟುಕೊಟ್ಟರೆ ₹3,101, ₹3,100 ಎಂದಿಟ್ಟುಕೊಳ್ಳೋಣ.

ಈಗ ಗಿರಾಕಿಯನ್ನು ಬದಲಿಸಿ ನೋಡಿ. 2023ರಲ್ಲಿ ಬಂದ ಗೃಹಜ್ಯೋತಿಯಿಂದ ಕರ್ನಾಟಕದ ಎಷ್ಟೋ ಮನೆಗಳಿಗೆ ಸೊನ್ನೆ ಬಿಲ್ ಬರುತ್ತದೆ. ಬಳಕೆ ಉಚಿತ ಮಿತಿಯೊಳಗೇ ಇರುವ ಮನೆಗೆ ಕರೆಂಟಿನ ಉಳಿತಾಯದಿಂದ ರೂಪಾಯಿ ಉಳಿಯುವುದಿಲ್ಲ; ಮೌಲ್ಯ 1,600 − 400 = ₹1,200, ಸಾಮಾನ್ಯ ಫ್ಯಾನಿಗಿಂತಲೂ ಕಡಿಮೆ. ಹಗಲು ರಾತ್ರಿ ಫ್ಯಾನ್ ತಿರುಗುವ, ಪೂರ್ತಿ ಬಿಲ್ ಕಟ್ಟುವ ಪಿಜಿಯವರಿಗೆ ಅದೇ ಫ್ಯಾನಿನ ಮೌಲ್ಯ ₹4,602ಕ್ಕಿಂತ ಮೇಲೆ. 'ಯಾರಿಗೆ ಮೌಲ್ಯ' ಎಂದು ಬರೆಯದ ಉತ್ತರ ಅರ್ಧ ಉತ್ತರ.

ಸ್ಪರ್ಧಿ ಆಧಾರಿತ. ಲೆಕ್ಕ ಚಿಕ್ಕದು. ಸ್ಪರ್ಧಿಗಳ ಬೆಲೆ ₹2,600, ₹2,700, ₹2,850 ಇದ್ದರೆ ಸರಾಸರಿ ₹2,717, ₹2,700ಕ್ಕೆ ಮಾರುತ್ತೇವೆ. ಸ್ಪರ್ಧಿಯ ವೆಚ್ಚ ನಮಗೆ ಗೊತ್ತಿರುವುದಿಲ್ಲ, ತೊಂದರೆ ಇರುವುದೇ ಅಲ್ಲಿ. ಅವರು ₹2,500ಕ್ಕೆ ಇಳಿಸಿದರು ಎಂದು ನಾವೂ ಇಳಿಸಿದರೆ, ಬದಲಾಗುವ ವೆಚ್ಚ ಕಳೆದು ಫ್ಯಾನೊಂದಕ್ಕೆ ಸಿಗುವ ಕಾಂಟ್ರಿಬ್ಯೂಷನ್ ₹1,300ರಿಂದ ₹1,100ಕ್ಕೆ ಬೀಳುತ್ತದೆ. ಮೊದಲಿನ ಲಾಭವನ್ನೇ ಉಳಿಸಿಕೊಳ್ಳಲು ಮಾರಾಟ 1,300 ÷ 1,100ರ ಪಟ್ಟು ಆಗಬೇಕು, ಅಂದರೆ ಶೇ 18.2 ಹೆಚ್ಚು. ಬೆಲೆ ಇಳಿದದ್ದು ಮಾತ್ರ ಶೇ 7.4.

ಯಾವುದನ್ನು ಆರಿಸಬೇಕು ಎಂದು ಕೇಳಿದರೆ ಪ್ರಶ್ನೆಯಲ್ಲಿ ಬೇಡಿಕೆಯ ಅಂಕಿ ಇರಲೇಬೇಕು. ₹2,500ಕ್ಕೆ 10,000, ₹2,700ಕ್ಕೆ 9,500, ₹3,100ಕ್ಕೆ 7,000 ಫ್ಯಾನ್ ಮಾರಾಟವಾಗುತ್ತವೆ ಎಂದುಕೊಳ್ಳಿ.

| ಬೆಲೆ | ಒಟ್ಟು ಕಾಂಟ್ರಿಬ್ಯೂಷನ್ | ಲಾಭ |
|---|---|---|
| ₹2,500 | ₹110 ಲಕ್ಷ | ₹50 ಲಕ್ಷ |
| ₹2,700 | ₹123.5 ಲಕ್ಷ | ₹63.5 ಲಕ್ಷ |
| ₹3,100 | ₹119 ಲಕ್ಷ | ₹59 ಲಕ್ಷ |

ಇಲ್ಲಿ ₹2,700 ಗೆದ್ದಿದೆ, ಆದರೆ ಅಂತರ ತೆಳು. ₹123.5 ಲಕ್ಷವನ್ನು ₹3,100ರ ಕಾಂಟ್ರಿಬ್ಯೂಷನ್ ₹1,700ರಿಂದ ಭಾಗಿಸಿದರೆ 7,264.7 ಬರುತ್ತದೆ. ₹3,100ಕ್ಕೆ 7,265 ಫ್ಯಾನ್ ಮಾರಬಲ್ಲೆವಾದರೆ ಮೌಲ್ಯಾಧಾರಿತ ಬೆಲೆಯೇ ಮೇಲು.