ನಾಲ್ಕನೇ ಕ್ಲಾಸಿನ ಮಗುವಿಗೆ ಯಾವ ಬ್ಯಾಗು? ಮೂರರ ಹೋಲಿಕೆ

ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಸ್ಕೂಲ್ ಬ್ಯಾಗು ಕೇಳಿದರೆ ಅಂಗಡಿಯವರ ಮೊದಲ ಮಾತು, "ಬಟ್ಟಿ ಭಾಳ ಗಟ್ಟಿ ಅದರಿ." ಇರಬಹುದು. ಆದರೆ ಬಟ್ಟೆ ನಟ್ಟನಡುವೆ ಹರಿದು ಮೂಲೆ ಸೇರುವ ಬ್ಯಾಗು ಕಡಿಮೆ. ಸಾಮಾನ್ಯವಾಗಿ ಕಿತ್ತುಬರುವುದು ಹೆಗಲಪಟ್ಟಿಯ ಹೊಲಿಗೆ. ಹಾಗಾಗಿ 600 ಡೆನಿಯರ್ ಪಾಲಿಯೆಸ್ಟರ್, 1680 ಡೆನಿಯರ್ ಪಾಲಿಯೆಸ್ಟರ್, ಹತ್ತಿಯ ಕ್ಯಾನ್ವಾಸ್ – ಮೂರೂ ಬ್ಯಾಗುಗಳನ್ನು ಒಳಮೈ ತಿರುವಿ, ಪುಸ್ತಕ ತುಂಬಿ, ತೂಗಿ ನೋಡಿದೆವು.

ಡೆನಿಯರ್ ಎಂದರೆ 9,000 ಮೀಟರ್ ನೂಲಿನ ಗ್ರಾಂ ತೂಕ. ಅಂಕಿ ದೊಡ್ಡದಾದಷ್ಟೂ ನೂಲು ದಪ್ಪ, ಬ್ಯಾಗೂ ಭಾರ. ಖಾಲಿ ಇದ್ದಾಗ 600ರದ್ದು 450 ಗ್ರಾಂ, 1680ರದ್ದು 800 ಗ್ರಾಂ ತೂಗಿತು. ಕ್ಯಾನ್ವಾಸು 700 ಗ್ರಾಂ. ಮಳೆಯಲ್ಲಿ ನೆಂದರೆ ಇನ್ನೂ ಭಾರ, ಬೆಳಗಾದರೂ ಒಣಗುವುದಿಲ್ಲ. ನಮ್ಮ ಲೆಕ್ಕದಲ್ಲಿ ಅದು ಅಲ್ಲಿಗೇ ಹೊರಗೆ.

ಉಳಿದೆರಡರಲ್ಲಿ ತೀರ್ಪು ಕೊಡುವುದು ತೂಕ. 2020ರ ರಾಷ್ಟ್ರೀಯ ಶಾಲಾ ಬ್ಯಾಗ್ ನೀತಿಯಂತೆ ಹೊರೆ ಮಗುವಿನ ತೂಕದ ಶೇ. 10 ಮೀರಬಾರದು. ಮಗು 24 ಕಿಲೋ ಇದ್ದರೆ ಮಿತಿ 2.4 ಕಿಲೋ. ದಿನದ ಪುಸ್ತಕ 1.2 ಕಿಲೋ, ಅರ್ಧ ಲೀಟರ್ ನೀರಿನ ಬಾಟಲಿ 600 ಗ್ರಾಂ, ಡಬ್ಬಿ 300 ಗ್ರಾಂ. ಬ್ಯಾಗಿಲ್ಲದೆಯೇ 2.1 ಕಿಲೋ ಆಯಿತು! 600ರ ಬ್ಯಾಗು ಸೇರಿದರೆ 2.55, ಡಬ್ಬಿಯನ್ನು ಕೈಚೀಲಕ್ಕೆ ಹಾಕಿದರೆ 2.25, ಮಿತಿಯೊಳಗೆ. 1680ರದ್ದಾದರೆ ಡಬ್ಬಿ ತೆಗೆದರೂ 2.6. ನಮ್ಮ ಬಿಸಿಲಿಗೆ ನೀರು ಕಡಿಮೆ ಮಾಡಿ ತೂಕ ಇಳಿಸುವ ಮಾತು ಬೇಡ.

ಅಂದರೆ 600 ಸಾಕು, ಹೊಲಿಗೆ ಸರಿಯಿದ್ದರೆ. ಪರೀಕ್ಷೆ ಅಂಗಡಿಯಲ್ಲೇ ಆಗಬೇಕು. ಜಿಪ್ ತೆಗೆದು ಪಟ್ಟಿಯ ಮೇಲ್ತುದಿ ಒಳಗೆ ಎಷ್ಟು ಹೋಗಿದೆ ನೋಡಿ. ಅಂಚು ಹೊಲಿಗೆಯಿಂದ ಒಂದು ಸೆಂಟಿಮೀಟರಾದರೂ ಆಚೆ ಇರಬೇಕು, ಅದರ ಮೇಲೆ ಪೈಪಿಂಗ್ ಪಟ್ಟಿ ಮುಚ್ಚಿರಬೇಕು. ಅಂಚು ಬೋಳಾಗಿದ್ದರೆ ನೂಲು ಒಂದೊಂದೇ ಬಿಚ್ಚಿ, ದಾರ ಗಟ್ಟಿಯಿದ್ದರೂ ಬಟ್ಟೆಯೇ ಹೊಲಿಗೆಯಿಂದ ಜಾರಿ ಬರುತ್ತದೆ. ಪಟ್ಟಿ ಕೂಡುವಲ್ಲಿ ಚೌಕದೊಳಗೆ ಗುಣಾಕಾರ ಚಿಹ್ನೆಯಂಥ ಹೊಲಿಗೆಯಿದ್ದರೆ ಒಳ್ಳೆಯದು. ಎಳೆತ ಒಂದೇ ಗೆರೆಯ ಮೇಲೆ ಬೀಳುವುದಿಲ್ಲ. ಆಮೇಲೆ ಪಟ್ಟಿ ಹಿಡಿದು ಜೋರಾಗಿ ಜಗ್ಗಿ. ಹೊಲಿಗೆ ಬಾಯಿಬಿಟ್ಟು ದಾರ ಕಂಡರೆ ಬಿಡಿ. ಕೆಳತುದಿಯಲ್ಲೂ ಇದೇ ಪರೀಕ್ಷೆ, ಅಲ್ಲಿ ಮೋಸ ಹೆಚ್ಚು.

ಪಟ್ಟಿಯ ಅಗಲ ಕನಿಷ್ಠ 5 ಸೆಂಟಿಮೀಟರ್ ಇರಲಿ. ಹೆಬ್ಬೆರಳಿಂದ ಒತ್ತಿದಾಗ ಕೆಳಗಿನ ಬೆರಳು ತಾಗಿದರೆ ಒಳಗಿರುವುದು ಬರೀ ಸ್ಪಂಜು. ಹೊರೆ ಬಿದ್ದಾಗ ಚಪ್ಪಟೆಯಾಗಿ ಅಂಚು ಹೆಗಲು ಕೊರೆಯುತ್ತದೆ. ಬಿಗಿ ಫೋಮ್ ಒತ್ತಿದರೆ ಸ್ವಲ್ಪವೇ ತಗ್ಗಿ ತಕ್ಷಣ ಮೇಲೇಳುತ್ತದೆ. ದಪ್ಪವಿದ್ದ ಮಾತ್ರಕ್ಕೆ ಮೆತ್ತೆ ಒಳ್ಳೆಯದಲ್ಲ. ಎರಡೂ ಪಟ್ಟಿ ಹಾಕಿ ಬಿಗಿ ಮಾಡಿದಾಗ ಬ್ಯಾಗಿನ ತಳ ಸೊಂಟಕ್ಕಿಂತ ಕೆಳಗೆ ಜೋತಾಡಬಾರದು.

1680ರದ್ದು ವ್ಯರ್ಥವೇನಲ್ಲ. ಎಂಟನೇ ಕ್ಲಾಸಿನ 40 ಕಿಲೋ ತೂಕದ ಮಗುವಿಗೆ 4 ಕಿಲೋ ಮಿತಿಯಿರುವಾಗ 800 ಗ್ರಾಂ ಹೊರೆಯಾಗದು.