ದಿನಾ ನೋಡಬೇಕಾ, ವರ್ಷಕ್ಕೊಮ್ಮೆ ಸಾಕಾ? ನಿಫ್ಟಿ ಇಂಡೆಕ್ಸ್ ಫಂಡ್ ಮತ್ತು ಅದರ ಆ್ಯಪ್: ದೀರ್ಘ ಬಳಕೆಯ ವಿಮರ್ಶೆ

ಇದು ಎರಡು ವಸ್ತುಗಳ ವಿಮರ್ಶೆ. ಒಂದು, ನಿಫ್ಟಿ 50 ಇಂಡೆಕ್ಸ್ ಫಂಡ್, ಅಂದರೆ ದೇಶದ 50 ದೊಡ್ಡ ಕಂಪನಿಗಳ ಷೇರು ಸೂಚ್ಯಂಕವಾದ ನಿಫ್ಟಿಯನ್ನೇ ಹಿಂಬಾಲಿಸುವ ಫಂಡ್. ಇನ್ನೊಂದು, ಅದರ ಎಸ್‌ಐಪಿ, ಅಂದರೆ ತಿಂಗಳ ಕಂತು, ನಡೆಸಲು ನಾನು ಬಳಸುವ ಮೊಬೈಲ್ ಆ್ಯಪ್. ಫಂಡ್‌ಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಆ್ಯಪ್‌ಗೆ ಎರಡೂವರೆ. ಆ್ಯಪ್ ಕೆಟ್ಟಿದೆ ಅಂತಲ್ಲ. ಬೆರಳಿಟ್ಟರೆ ಸಾಕು, ಎರಡು ಸೆಕೆಂಡಿನಲ್ಲಿ ತೆರೆದುಕೊಳ್ಳುತ್ತದೆ. ತೊಂದರೆ ಇರುವುದೇ ಅಲ್ಲಿ.

ತೆರೆದ ಕೂಡಲೇ ದೊಡ್ಡ ಅಕ್ಷರದಲ್ಲಿ ಏನು ಕಾಣುತ್ತದೆ ನೋಡಿ. ಒಟ್ಟು ಮೊತ್ತ, ಅದರ ಕೆಳಗೆ ಇವತ್ತು ಒಂದೇ ದಿನದಲ್ಲಿ ಎಷ್ಟು ಏರಿತು, ಎಷ್ಟು ಇಳಿಯಿತು ಅನ್ನೋದು, ಹಸಿರಿನಲ್ಲೋ ಕೆಂಪಿನಲ್ಲೋ. ಇಷ್ಟು ವರ್ಷದಲ್ಲಿ ವರ್ಷಕ್ಕೆ ಎಷ್ಟರಂತೆ ಬೆಳೆದಿದೆ ಅನ್ನುವ ಎಕ್ಸ್‌ಐಆರ್‌ಆರ್ ಬೇಕಾದರೆ ಇನ್ನೆರಡು ಕಡೆ ಒತ್ತಿ ಒಳಗೆ ಹೋಗಬೇಕು. ಇಪ್ಪತ್ತು ವರ್ಷಕ್ಕೆ ಅಂತ ಹಾಕಿದ ದುಡ್ಡಿಗೆ ಒಂದು ದಿನದ ಲೆಕ್ಕ ತೋರಿಸಿ ಏನು ಉಪಯೋಗ? ತಮಾಷೆ ಅಂದರೆ, ಮ್ಯೂಚುವಲ್ ಫಂಡ್‌ನ ಎನ್‌ಎವಿ, ಅಂದರೆ ಒಂದು ಯೂನಿಟ್‌ನ ಬೆಲೆ, ದಿನಕ್ಕೆ ಒಂದೇ ಸಲ, ಮಾರುಕಟ್ಟೆ ಮುಚ್ಚಿದ ಮೇಲೆ ಲೆಕ್ಕವಾಗುತ್ತದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ತೆರೆದು ನೋಡುವವರು ಮೂರು ಸಲವೂ ನಿನ್ನೆಯ ಸಂಖ್ಯೆಯನ್ನೇ ನೋಡುತ್ತಿರುತ್ತಾರೆ.

ಸುಮ್ನೆ ನೋಡಿದರೆ ನಷ್ಟವೇನು ಅಂತ ಕೇಳಬಹುದು. ಒಂದು ಅಂದಾಜು ಲೆಕ್ಕ ಹಾಕೋಣ. ಒಂದು ಫಂಡ್ ವರ್ಷಕ್ಕೆ ಸರಾಸರಿ ಶೇ 12 ಬೆಳೆಯುತ್ತದೆ, ಅದರ ಏರಿಳಿತ ವರ್ಷಕ್ಕೆ ಶೇ 18 ಅಂತ ಇಟ್ಟುಕೊಳ್ಳಿ. ವರ್ಷಕ್ಕೊಮ್ಮೆ ನೋಡಿದರೆ ನಾಲ್ಕರಲ್ಲಿ ಮೂರು ಸಲ ಲಾಭ ಕಾಣುತ್ತದೆ. ತಿಂಗಳಿಗೊಮ್ಮೆ ನೋಡಿದರೆ ನೂರರಲ್ಲಿ 57-58 ಸಲ. ದಿನಾ ನೋಡಿದರೆ ಬರೀ 52 ಸಲ. ಹೆಚ್ಚುಕಡಿಮೆ ನಾಣ್ಯ ಚಿಮ್ಮಿದ ಹಾಗೆ. ಫಂಡ್ ಅದೇ, ದುಡ್ಡೂ ಅದೇ. ಬದಲಾಗಿದ್ದು ನೋಡುವ ಅಂತರ ಮಾತ್ರ.

ಇದಕ್ಕೆ ಮನಸ್ಸಿನ ಲೆಕ್ಕವನ್ನೂ ಸೇರಿಸಿ. ಸಾವಿರ ರೂಪಾಯಿ ಹೋದ ನೋವು, ಸಾವಿರ ಬಂದ ಖುಷಿಗಿಂತ ಸುಮಾರು ಎರಡು ಪಟ್ಟು ಅಂತ ಮನಃಶಾಸ್ತ್ರಜ್ಞರಾದ ಡೇನಿಯಲ್ ಕಾನಮನ್ ಮತ್ತು ಅಮೋಸ್ ಟ್ವರ್‌ಸ್ಕಿ ಅಂದಾಜು ಮಾಡಿದ್ದರು. ಹಾಗಾದರೆ ದಿನಾ ನೋಡುವವರಿಗೆ ನೂರು ದಿನಕ್ಕೆ 52 ಪಾಲು ಖುಷಿ, 96 ಪಾಲು ನೋವು. ಲಾಭದಲ್ಲಿರುವ ಫಂಡೇ ಮನಸ್ಸಿಗೆ ನಷ್ಟದ ಬಾಬ್ತಾಗಿ ಕಾಣುತ್ತದೆ. ವರ್ಷಕ್ಕೊಮ್ಮೆ ನೋಡುವವರಿಗೆ 75 ಖುಷಿ, 50 ನೋವು. ಇವರು ಫಂಡ್ ಬಿಡುವುದಿಲ್ಲ.

ಇದನ್ನು ಪ್ರಯೋಗ ಮಾಡಿಯೂ ನೋಡಿದ್ದಾರೆ. 1997ರಲ್ಲಿ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್, ಟ್ವರ್‌ಸ್ಕಿ, ಕಾನಮನ್ ಮತ್ತು ಅಲನ್ ಶ್ವಾರ್ಟ್ಜ್ ಒಂದಿಷ್ಟು ಜನರಿಗೆ ಷೇರು ಮತ್ತು ಬಾಂಡ್‌ನಂಥ ಎರಡು ಫಂಡ್‌ಗಳ ನಡುವೆ ದುಡ್ಡು ಹಂಚಲು ಹೇಳಿದರು. ಕೆಲವರಿಗೆ ಫಲಿತಾಂಶ ಪದೇಪದೇ ತೋರಿಸಿದರು, ಕೆಲವರಿಗೆ ವರ್ಷಕ್ಕೊಮ್ಮೆಯ ಲೆಕ್ಕದಲ್ಲಿ. ಪದೇಪದೇ ನೋಡಿದವರು ಕೊನೆಗೆ ಷೇರಿನ ಫಂಡ್‌ನಲ್ಲಿ ಇಟ್ಟಿದ್ದು ಸುಮಾರು ಶೇ 40. ವರ್ಷದ ಲೆಕ್ಕ ನೋಡಿದವರು ಸುಮಾರು ಶೇ 70. ಜಾಸ್ತಿ ಮಾಹಿತಿ ಇದ್ದವರೇ ಕಡಿಮೆ ಗಳಿಸುವ ಕಡೆಗೆ ವಾಲಿದರು.

ನಮ್ಮ ಮನೆಯಲ್ಲೇ ನಡೆದದ್ದು ಹೇಳುತ್ತೇನೆ. ನಮ್ಮ ಭಾವನವರೂ ನಾನೂ ಒಂದೇ ಫಂಡ್‌ನಲ್ಲಿ ತಿಂಗಳಿಗೆ 5,000 ರೂಪಾಯಿಯ ಎಸ್‌ಐಪಿ ಹಾಕುತ್ತಿದ್ದೆವು. ಅವರು ದಿನಾ ನೋಡುತ್ತಿದ್ದರು. ನನಗೆ ಆ ಚಟ ಹತ್ತಿರಲಿಲ್ಲ, ಪಾಸ್‌ವರ್ಡ್ ಕೂಡ ನೆನಪಿರುತ್ತಿರಲಿಲ್ಲ. 2020ರ ಮಾರ್ಚ್ 23ರಂದು ನಿಫ್ಟಿ ಒಂದೇ ದಿನ ಶೇ 13ರಷ್ಟು ಕುಸಿದು 7,610ಕ್ಕೆ ಬಂತು. ಮೊದಲ ಲಾಕ್‌ಡೌನ್ ಶುರುವಾಗುವ ಹೊತ್ತು. ಭಾವ ಫೋನ್ ಮಾಡಿ, "ನೀನೂ ನಿಲ್ಲಿಸಿಬಿಡು, ಸ್ವಲ್ಪ ಸರಿಯಾದ ಮೇಲೆ ಹಾಕೋಣ" ಅಂದರು. ಏಪ್ರಿಲ್ ಕಂತಿನಿಂದಲೇ ಅವರದ್ದು ನಿಂತಿತು.

ಅವರ ದೃಷ್ಟಿಯಲ್ಲಿ "ಸರಿಯಾಗಿದ್ದು" ಡಿಸೆಂಬರ್‌ಗೆ, ನಿಫ್ಟಿ 13,000 ದಾಟಿದ ಮೇಲೆ. ಅಷ್ಟರಲ್ಲಿ ಎಂಟು ಕಂತು, 40,000 ರೂಪಾಯಿ ಬ್ಯಾಂಕಿನಲ್ಲೇ ಉಳಿದಿತ್ತು. ಆ ಎಂಟು ತಿಂಗಳಲ್ಲಿ, ಪ್ರತಿ ತಿಂಗಳ ಮೊದಲ ವಾರದ ಮಟ್ಟ ನೋಡಿದರೆ, ನಿಫ್ಟಿ ಸುಮಾರು 8,800ರಿಂದ 12,100ರವರೆಗೆ ಏರಿತ್ತು. ಆ ಮಟ್ಟಗಳನ್ನೇ ಹಿಡಿದು ಲೆಕ್ಕ ಹಾಕಿದರೆ, ಅದೇ 40,000 ವರ್ಷದ ಕೊನೆಗೆ ಹತ್ತಿರಹತ್ತಿರ 53,000 ಆಗುತ್ತಿತ್ತು. ಅಗ್ಗವಾಗಿ ಸಿಗುತ್ತಿದ್ದಾಗ ಕೊಳ್ಳದೆ, ದುಬಾರಿಯಾದ ಮೇಲೆ ಮತ್ತೆ ಶುರು ಮಾಡಿದರು. ಭಾವ ದಡ್ಡರಲ್ಲ, ನನಗಿಂತ ಚೆನ್ನಾಗಿ ಲೆಕ್ಕ ಬಲ್ಲವರು. ಆದರೆ ದಿನಾ ಕೆಂಪು ನೋಡುತ್ತಾ ಏನೂ ಮಾಡದೆ ಕೂರುವುದು ಅವರಿಂದಾಗಲಿಲ್ಲ.

ಅದೇ ವರ್ಷವನ್ನು ಡಿಸೆಂಬರ್ 31ರಂದು ಮಾತ್ರ ನೋಡಿದವರಿಗೆ ಏನು ಕಂಡಿತು ಗೊತ್ತಾ? 2019ರ ಕೊನೆಗೆ ನಿಫ್ಟಿ 12,168. 2020ರ ಕೊನೆಗೆ 13,981. ಶೇ 15ರಷ್ಟು ಏರಿಕೆ. ಅವರ ಪಾಲಿಗೆ ಮಾರ್ಚ್ ನಡೆದೇ ಇಲ್ಲ. 2024ರ ಚುನಾವಣಾ ಫಲಿತಾಂಶದ ದಿನವೂ ಹೀಗೇ. ಜೂನ್ 4ರಂದು ನಿಫ್ಟಿ ಸುಮಾರು ಶೇ 6 ಬಿತ್ತು. ಜೂನ್ 7ಕ್ಕೆ, ಬೀಳುವ ಮೊದಲಿದ್ದ ಮಟ್ಟಕ್ಕೇ ವಾಪಸ್ ಬಂದಿತ್ತು.

ಹಾಗಂತ ವರ್ಷಕ್ಕೊಮ್ಮೆ ನೋಡುವುದು ಮಂತ್ರವೇನಲ್ಲ. 2007ರ ಕೊನೆಗೆ 6,138 ಇದ್ದ ನಿಫ್ಟಿ 2008ರ ಕೊನೆಗೆ 2,959ಕ್ಕೆ ಇಳಿದಿತ್ತು. ವರ್ಷಕ್ಕೊಮ್ಮೆ ನೋಡಿದವರಿಗೂ ದುಡ್ಡು ಅರ್ಧಕ್ಕಿಂತ ಕಡಿಮೆ ಆಗಿದ್ದು ಕಂಡೇ ಕಂಡಿತು. ಎರಡು-ಮೂರು ವರ್ಷದಲ್ಲಿ ಮಗಳ ಫೀಸಿಗೋ ಸೈಟಿಗೋ ಬೇಕಾದ ದುಡ್ಡನ್ನು ಇಲ್ಲಿ ಹಾಕಿದ್ದರೆ, ಕಣ್ಣು ಮುಚ್ಚಿಕೊಂಡರೆ ಉಳಿಯುವುದಿಲ್ಲ. ನೇರವಾಗಿ ಷೇರು ಇಟ್ಟುಕೊಂಡವರಿಗೂ ಈ ಮಾತು ಪೂರ್ತಿ ಒಪ್ಪುವುದಿಲ್ಲ. ಕಂಪನಿ ತನ್ನ ಷೇರುದಾರರಿಗೆ ಹೊಸ ಷೇರು ಕೊಳ್ಳಲು ಅವಕಾಶ ಕೊಡುವ ರೈಟ್ಸ್, ತನ್ನ ಷೇರನ್ನು ತಾನೇ ವಾಪಸ್ ಕೊಳ್ಳುವ ಬೈಬ್ಯಾಕ್ ಇವಕ್ಕೆಲ್ಲ ಕೊನೆಯ ದಿನಾಂಕ ಇರುತ್ತದೆ. ನಾನು ಹೇಳುತ್ತಿರುವುದು ಇಂಡೆಕ್ಸ್ ಫಂಡ್‌ನಂಥವಕ್ಕೆ ಮಾತ್ರ.

ನನ್ನ ಈಗಿನ ವ್ಯವಸ್ಥೆ ಇಷ್ಟೇ. ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಆ್ಯಪ್‌ನ ನೋಟಿಫಿಕೇಶನ್ ಪೂರ್ತಿ ಬಂದ್ ಮಾಡಿದ್ದೇನೆ. ಆದರೆ ಬ್ಯಾಂಕಿನ ಎಸ್‌ಎಂಎಸ್ ಬಂದ್ ಮಾಡಿಲ್ಲ, ಅದು ಮುಖ್ಯ. ಖಾತೆಯಲ್ಲಿ ದುಡ್ಡಿಲ್ಲದೆ ಕಂತು ತಪ್ಪಿದರೆ ಬ್ಯಾಂಕ್ ದಂಡ ಹಾಕಬಹುದು, ಹೀಗೇ ಸತತವಾಗಿ ತಪ್ಪಿದರೆ ಎಸ್‌ಐಪಿಯೇ ರದ್ದಾಗುತ್ತದೆ. ಬೆಲೆ ನೋಡಬೇಡಿ, ಕಂತು ಹೋಯಿತಾ ಇಲ್ಲವಾ ಅಂತ ಮಾತ್ರ ನೋಡಿ. ಎಲ್ಲಾ ಫಂಡ್‌ಗಳ ಲೆಕ್ಕ ಒಟ್ಟಿಗೆ ಬರುವ ಸಿಎಎಸ್ ಸ್ಟೇಟ್‌ಮೆಂಟ್ ಇಮೇಲ್‌ಗೆ ಬರುತ್ತದೆ. ಅದನ್ನು ತೆರೆಯದೆ ಒಂದು ಫೋಲ್ಡರ್‌ಗೆ ಹಾಕುತ್ತೇನೆ.

ನೋಡುವ ದಿನಕ್ಕೆ ಮಾರ್ಚ್ ತಿಂಗಳು ಆರಿಸಿಕೊಂಡಿದ್ದೇನೆ. ಷೇರು ಫಂಡ್‌ನ ದೀರ್ಘಾವಧಿ ಲಾಭದಲ್ಲಿ ಹಣಕಾಸು ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆ ಇಲ್ಲ. ಅದನ್ನು ಬಳಸಿಕೊಳ್ಳಬೇಕಾದರೆ ಮಾರ್ಚ್ 31ರೊಳಗೆ ಮಾರಬೇಕು. ಅವತ್ತು ನಾನು ನಿಜವಾಗಿ ನೋಡುವುದು ಷೇರು ಮತ್ತು ಎಫ್‌ಡಿಯ ಪ್ರಮಾಣ. 70:30 ಇರಬೇಕಾದ್ದು 78:22 ಆಗಿದ್ದರೆ ಒಂದಿಷ್ಟು ಮಾರಿ ಎಫ್‌ಡಿಗೆ ಹಾಕುತ್ತೇನೆ. 62:38ಕ್ಕೆ ಇಳಿದಿದ್ದರೆ ಉಲ್ಟಾ. ಮಾರುಕಟ್ಟೆ ಮುಂದೆ ಎಲ್ಲಿಗೆ ಹೋಗುತ್ತದೆ ಅಂತ ಊಹೆ ಮಾಡುವ ಕೆಲಸವೇ ಇಲ್ಲ. ನಾಮಿನಿ, ಬ್ಯಾಂಕ್ ಖಾತೆ ಸರಿ ಇದೆಯಾ ಅಂತಲೂ ಒಂದು ಕಣ್ಣು ಹಾಯಿಸುತ್ತೇನೆ.

ಒಂದು ಕಿರಿಕಿರಿ ಮಾತ್ರ ಇದೆ. ವರ್ಷಕ್ಕೊಮ್ಮೆ ತೆರೆಯುವವರನ್ನು ಆ್ಯಪ್ ಅನುಮಾನದಿಂದ ನೋಡುತ್ತದೆ. ಹೊಸದಾಗಿ ಲಾಗಿನ್, ಒಟಿಪಿ, ಪಿನ್ ಎಲ್ಲಾ ಆಗಬೇಕು. ಹಳೇ ಸಿಮ್ ಬದಲಾಯಿಸುವವರು ಫಂಡ್‌ನಲ್ಲಿರುವ ಮೊಬೈಲ್ ನಂಬರ್ ಮೊದಲು ಬದಲಾಯಿಸಿಕೊಳ್ಳಿ. ಮಾರ್ಚ್ ಕೊನೇ ವಾರದಲ್ಲಿ ಅದಕ್ಕೆ ಕೈ ಹಾಕಿದರೆ 31ರೊಳಗೆ ಮುಗಿಯುವುದು ಕಷ್ಟ.