ವಯಸ್ಸು ತಿಳಿಯಲು ಸಂದರ್ಶನವೋ, ಎಕ್ಸ್-ರೇಯೋ?

ಕಾಗದಪತ್ರ ಇಲ್ಲದೆ ಬ್ರಿಟನ್‌ಗೆ ಬಂದ ಹುಡುಗ ತನಗೆ 17 ಅನ್ನುತ್ತಾನೆ, ಅಧಿಕಾರಿ ನಂಬುತ್ತಿಲ್ಲ. ಯಾವ ಪರೀಕ್ಷೆ ಒಳ್ಳೆಯದು ಅಂತ ಕೇಳಿದ್ದೀರಿ.

ಬೇಗ ಮುಗಿಯುವುದು ಗಡಿ ಅಧಿಕಾರಿಯ ನೋಟ. ರೂಪ, ನಡವಳಿಕೆ ನೋಡಿದರೆ 18 ದಾಟಿ ಬಹಳ ಆಗಿದೆ ಅಂತ ತುಂಬಾ ಬಲವಾಗಿ ಅನ್ನಿಸಿದರೆ ಮಾತ್ರ ಅವರು ವಯಸ್ಕ ಎನ್ನಬಹುದು. ಆದರೆ ದೂರದ ಪ್ರಯಾಣದಲ್ಲಿ ದಣಿದ ಮುಖ ವಯಸ್ಸಾದಂತೆ ಕಾಣುತ್ತದೆ, ಅಲ್ವಾ?

ಎಕ್ಸ್-ರೇ ನಿಖರ ಅನ್ನಿಸುತ್ತದೆ. ಆದರೆ ಎಲುಬು ಎಷ್ಟು ಬೆಳೆದಿದೆ ಎಂದು ತಿಳಿಯಲು ಮಣಿಕಟ್ಟಿನ ಚಿತ್ರವನ್ನು ಹೋಲಿಸಿ ನೋಡುವ ಗ್ರೂಲಿಕ್–ಪೈಲ್ ಮಾದರಿ ಚಿತ್ರಗಳು 1930ರ ದಶಕದ ಅಮೆರಿಕದ ಸ್ಥಿತಿವಂತ ಬಿಳಿಯ ಮಕ್ಕಳಿಂದ ಬಂದವು. ಕೆಲವು ಹುಡುಗರ ಎಲುಬು 17ಕ್ಕೇ ಪೂರ್ತಿ ಬೆಳೆದಿರುತ್ತದೆ. ಹಾಗಾಗಿ ‘ಬೆಳೆದ ಎಲುಬು’ ಎಂದರೆ 18 ದಾಟಿದೆ ಎಂದಲ್ಲ. ಕಾಯಿಲೆಯೇ ಇಲ್ಲದ ಮಗುವಿಗೆ ವಿಕಿರಣ ಹಾಯಿಸುವುದನ್ನು ವೈದ್ಯರು ವಿರೋಧಿಸುವುದು ನನಗೂ ಸರಿ ಅನ್ನಿಸುತ್ತದೆ.

ಸಮಾಜ ಕಾರ್ಯಕರ್ತರ ಸಂದರ್ಶನಕ್ಕೆ ಸಮಯ ಜಾಸ್ತಿ. ಬ್ರಿಟನ್ ಕೋರ್ಟಿನ 2003ರ ಮರ್ಟನ್ ತೀರ್ಪಿನ ಪ್ರಕಾರ ಅನುಮಾನದ ಅಂಶಗಳನ್ನು ಹುಡುಗನ ಮುಂದಿಟ್ಟು ಉತ್ತರ ಕೇಳಬೇಕು, ನಿರ್ಧಾರಕ್ಕೆ ಕಾರಣ ಕೊಡಬೇಕು. ಆಘಾತದಿಂದ ನೆನಪು ಕಲಸಿದ್ದರೆ ಇಲ್ಲೂ ತಪ್ಪಾಗಬಹುದು.

ಶಾಲೆ, ತಮ್ಮ-ತಂಗಿಯರ ವಯಸ್ಸು ಹೇಳಬಲ್ಲವನಿಗೆ ಸಂದರ್ಶನವೇ ಅನುಕೂಲ. 15 ಎಂದವನಿಗೆ 25 ಇರಬಹುದು ಎಂಬಷ್ಟು ಅಂತರದ ಅನುಮಾನವಿದ್ದರೆ ಎಲುಬು, ಹಲ್ಲಿನ ಚಿತ್ರಗಳು ಸ್ವಲ್ಪ ನೆರವಾದಾವು. 17ಕ್ಕೂ 18ಕ್ಕೂ ನಡುವಿನ ಗೆರೆಯನ್ನು ಅವು ಎಳೆಯಲಾರವು.